ಐಸಿಯು ನರ್ಸ್ ಬರೆಯುವ ಉದ್ದೇಶ ಪತ್ರ

ನಮ್ಮಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೀಟು ಹೆಚ್ಚಾಗಿ ಅಂಕ ಮತ್ತು ಪ್ರವೇಶ ಪರೀಕ್ಷೆಯ ಮೇಲೆ ಸಿಗುತ್ತದೆ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಿಗೆ ಅರ್ಜಿ ಹಾಕುವವರಿಗೆ ಮಾತ್ರ ಇನ್ನೊಂದು ಕೆಲಸ ಬೀಳುತ್ತದೆ. ಕ್ರಿಟಿಕಲ್ ಕೇರ್ ಯಾಕೆ ಓದಬೇಕು ಎಂದು ಒಂದೆರಡು ಪುಟದಲ್ಲಿ ತಾವೇ ಬರೆದು ಕೊಡಬೇಕು. ಹತ್ತಾರು ರೋಗಿಗಳನ್ನು ನಿಭಾಯಿಸುವ ಸ್ಟಾಫ್ ನರ್ಸ್ ಇಲ್ಲಿಗೆ ಬಂದು ತಡವರಿಸುತ್ತಾರೆ. ‘ಚಿಕ್ಕಂದಿನಿಂದ ಸೇವೆ ಮಾಡುವ ಆಸೆ’ ಎಂದು ಶುರು ಮಾಡಿ, ವೆಂಟಿಲೇಟರ್, ಇನ್‌ಫ್ಯೂಷನ್ ಪಂಪ್, ಡಯಾಲಿಸಿಸ್ ಎಂದು ತಮಗೆ ಗೊತ್ತಿರುವ ಯಂತ್ರಗಳನ್ನೆಲ್ಲ ಪಟ್ಟಿ ಮಾಡಿ ಮುಗಿಸುತ್ತಾರೆ. ಅದೆಲ್ಲ ಬಯೋಡೇಟಾದಲ್ಲಿ ಇದ್ದೇ ಇರುತ್ತದೆ. ಓದುವವರು ಹುಡುಕುವುದು, ಈ ನರ್ಸ್ ಕೆಲಸದ ನಡುವೆ ಎಲ್ಲಿ ತಡೆದು ನಿಂತು ಯೋಚಿಸಿದ್ದಾರೆ ಎಂಬುದನ್ನು.

ಹುಬ್ಬಳ್ಳಿ ಕಡೆಯ ಒಂದು ಐಸಿಯುವಿನ ನರ್ಸ್ ಎಂದಿಟ್ಟುಕೊಳ್ಳೋಣ. ವೆಂಟಿಲೇಟರಿನಿಂದ ಹೊರಬಂದ ಅಜ್ಜ ಒಬ್ಬರು ಎರಡು ದಿನದಿಂದ ಸುಮ್ಮನೆ ಮಲಗಿದ್ದಾರೆ. ಹ್ಯಾಂಡೋವರಿನಲ್ಲಿ ‘ಪೇಷಂಟ್ ಆರಾಮಾಗಿದಾರೆ, ನಿದ್ದೆ ಮಾಡ್ತಿದಾರೆ’ ಎಂದು ಹೇಳಿ ಹೋಗುತ್ತಾರೆ. ಅಜ್ಜನಿಗೆ ಬಂದಿರುವುದು ನಿದ್ದೆಯಲ್ಲ, ಸದ್ದಿಲ್ಲದ ಬಗೆಯ ಸನ್ನಿ, ಅಂದರೆ ಡೆಲಿರಿಯಂ. ಕೂಗಾಡಿ ಟ್ಯೂಬ್ ಕೀಳುವ ರೋಗಿಯ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಇದು ಬೀಳುವುದಿಲ್ಲ. ಪತ್ತೆ ಹಚ್ಚಲು ಕ್ಯಾಮ್-ಐಸಿಯು ಎಂಬ ಪರೀಕ್ಷೆ ಇದೆ. ನಾಲ್ಕು ಅಂಶ ನೋಡುತ್ತಾರೆ: ಮನಸ್ಸಿನ ಸ್ಥಿತಿ ಹಠಾತ್ತನೆ ಬದಲಾಗಿದೆಯೇ ಅಥವಾ ಏರಿಳಿಯುತ್ತಿದೆಯೇ, ಗಮನ ನಿಲ್ಲುತ್ತದೆಯೇ, ಎಚ್ಚರದ ಮಟ್ಟ ಸರಿಯಿದೆಯೇ, ಯೋಚನೆ ಅಡ್ಡಾದಿಡ್ಡಿಯೇ. ಮೊದಲ ಎರಡು ತೊಂದರೆಗಳ ಜೊತೆ ಉಳಿದೆರಡರಲ್ಲಿ ಒಂದು ಸೇರಿದರೆ ಡೆಲಿರಿಯಂ ಎಂದು ಲೆಕ್ಕ.

ಗಮನ ಅಳೆಯುವ ಹಂತದಲ್ಲಿ ನರ್ಸ್ ಹತ್ತು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರೆ: ಎಸ್, ಎ, ವಿ, ಇ, ಎ, ಎಚ್, ಎ, ಎ, ಆರ್, ಟಿ. ‘ಎ’ ಕೇಳಿದಾಗಲೆಲ್ಲ ರೋಗಿ ನರ್ಸಿನ ಕೈ ಒತ್ತಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ನಿಲ್ಲುತ್ತಿಲ್ಲ ಎಂದರ್ಥ. ಶಾಲೆಯ ಮೆಟ್ಟಿಲು ಹತ್ತದ ಅಜ್ಜನಿಗೆ ಎಸ್ ಮತ್ತು ಎಚ್ ಕೂಡ ‘ಎ’ಯಿಂದಲೇ ಶುರುವಾದಂತೆ ಕೇಳಿಸುತ್ತವೆ. ಅಲ್ಲಿಗೇ ಕೈ ಒತ್ತಿದರೆ ಎರಡು ತಪ್ಪು ಆಯಿತು. ಇನ್ನೊಂದು ಕಡೆ ಎಡವಿದರೆ ಸ್ವಸ್ಥ ಮನಸ್ಸಿನವರೂ ಈ ಹಂತದಲ್ಲಿ ನಪಾಸು. ಅಕ್ಷರದ ಬದಲು ಚಿತ್ರ ತೋರಿಸಿ ಗಮನ ಅಳೆಯುವ ದಾರಿಯೂ ಇದೆ, ಆದರೆ ಕನ್ನಡಕ ಮನೆಯಲ್ಲೇ ಬಿಟ್ಟು ಬಂದ ಅಜ್ಜನಿಗೆ ಅದರಿಂದ ಏನು ಉಪಯೋಗ?

ಇಷ್ಟು ಕಂಡ ಮೇಲೆ ಪತ್ರದ ನಡುವಿನ ಪ್ಯಾರಾ ಬರೆಯುವುದು ಸುಲಭ. ಅರ್ಜಿ ಹೋಗುವುದು ಇಂಗ್ಲಿಷಿನಲ್ಲೇ, ಆದರೂ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ದೊಡ್ಡ ದೊಡ್ಡ ಪದಗಳ ಹಿಂದೆ ಅವಿತುಕೊಳ್ಳಲು ಆಗುವುದಿಲ್ಲ. ಹೀಗಿರಬಹುದು:

‘ನಮ್ಮ ಐಸಿಯುವಿನಲ್ಲಿ ಸುಮ್ಮನೆ ಮಲಗಿದ ವಯಸ್ಸಾದ ರೋಗಿಯೊಬ್ಬರಿಗೆ ಕ್ಯಾಮ್-ಐಸಿಯು ಮಾಡಿದೆ. ಫಲಿತಾಂಶ ಪಾಸಿಟಿವ್ ಬಂತು. ಅವರಿಗೆ ಇಂಗ್ಲಿಷ್ ಅಕ್ಷರ ಗೊತ್ತಿರಲಿಲ್ಲವಾದ್ದರಿಂದ ಆ ಫಲಿತಾಂಶವನ್ನು ಎಷ್ಟು ನಂಬಬೇಕೆಂದು ತಿಳಿಯಲಿಲ್ಲ. ಹಿಂದಿನ ದಿನ ಮಗನ ಗುರುತು ಹಿಡಿದಿದ್ದವರು ಅಂದು ಹಿಡಿಯಲಿಲ್ಲ ಎಂಬುದನ್ನೂ ಸೇರಿಸಿ ಡ್ಯೂಟಿ ಡಾಕ್ಟರಿಗೆ ಹೇಳಿದೆ. ಅವರು ನಿದ್ದೆಯ ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸಿದರು. ಓದು ಬಾರದ ರೋಗಿಗಳಲ್ಲಿ ಗಮನವನ್ನು ಹೇಗೆ ಅಳೆಯಬೇಕು, ಹೊಸ ಪರೀಕ್ಷೆ ಸರಿಯೆಂದು ಹೇಗೆ ಸಾಬೀತು ಮಾಡಬೇಕು ಎಂಬುದನ್ನು ಕಲಿಯಲು ಅರ್ಜಿ ಹಾಕುತ್ತಿದ್ದೇನೆ.’

ನರ್ಸ್ ಇಲ್ಲಿ ತಾನೇ ಔಷಧಿ ಬದಲಿಸಿದೆ ಎಂದಿಲ್ಲ. ಅದು ವೈದ್ಯರ ಅಧಿಕಾರ, ತನ್ನದೆಂದು ಬರೆದರೆ ಓದುವ ಪ್ರಾಧ್ಯಾಪಕರಿಗೆ ಮೊದಲ ಅನುಮಾನ ಬರುವುದು ಅಲ್ಲೇ. ‘ರೋಗಿ ಗುಣಮುಖರಾಗಿ ಕೈಮುಗಿದು ಹೋದರು’ ಎಂಬ ಸಿನಿಮಾ ಮುಕ್ತಾಯವೂ ಇಲ್ಲ. ಹೆಸರು, ಊರು, ಬೆಡ್ ನಂಬರ್, ದಾಖಲಾದ ತಾರೀಕು ಒಂದೂ ಇಲ್ಲ. ಅಪರೂಪದ ಕಾಯಿಲೆಯಾದರೆ ಹೆಸರಿಲ್ಲದಿದ್ದರೂ ಗುರುತು ಸಿಕ್ಕಿಬಿಡುತ್ತದೆ, ಆಗ ಬೇರೆ ಪ್ರಸಂಗ ಆರಿಸಿಕೊಳ್ಳುವುದೇ ವಾಸಿ.

ಪ್ರಶ್ನೆ ಸಿಕ್ಕಿತೆಂದು ಯಾವ ಕೋರ್ಸಿಗಾದರೂ ಹಾಕಲಾಗದು. ಕೆಲವು ಕೋರ್ಸುಗಳಲ್ಲಿ ಪಾಠ ಮತ್ತು ಪ್ರಬಂಧವೇ ಮುಖ್ಯ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿರುವ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸಿನಂಥ ಎರಡು ವರ್ಷದ ರೆಸಿಡೆನ್ಸಿಯಲ್ಲಿ ಹೆಚ್ಚಿನ ಸಮಯ ರೋಗಿಯ ಬಳಿಯೇ ಕಳೆಯುತ್ತದೆ. ಮೇಲಿನ ನರ್ಸಿಗೆ ಬೇಕಿರುವುದು ಮೊದಲ ಬಗೆಯದು, ಸಂಶೋಧನಾ ವಿಧಾನ ಕಲಿಸುವಂಥದ್ದು. ವಿಶ್ವವಿದ್ಯಾಲಯದ ವಿಷಯಪಟ್ಟಿ ತೆರೆದು, ಆ ಪಾಠ ಅಲ್ಲಿದೆಯೇ ನೋಡಿ, ಅದರ ಹೆಸರನ್ನೇ ಪತ್ರದಲ್ಲಿ ಬರೆಯಬೇಕು. ವಿಶ್ವವಿದ್ಯಾಲಯದ ಹೆಸರು ಬದಲಿಸಿ ಐದು ಕಡೆಗೆ ಒಂದೇ ಪತ್ರ ಕಳಿಸಿದವರು ಸಿಕ್ಕಿಬೀಳುವುದು ಈ ಸಾಲಿನಲ್ಲೇ.

ಶಿಫಾರಸು ಪತ್ರ ಕೊಡುವ ನರ್ಸಿಂಗ್ ಸೂಪರಿಂಟೆಂಡೆಂಟರಿಗೂ ನಿಮ್ಮ ಉದ್ದೇಶ ಪತ್ರದ ಪ್ರತಿ ಮೊದಲೇ ಕೊಡಿ. ನೀವು ಡೆಲಿರಿಯಂ ಬಗ್ಗೆ ಬರೆದು, ಅವರು ‘ಸಮಯಕ್ಕೆ ಸರಿಯಾಗಿ ಡ್ಯೂಟಿಗೆ ಬರುತ್ತಾರೆ’ ಎಂದಷ್ಟೇ ಬರೆದರೆ, ನಿಮ್ಮ ಮಾತಿಗೆ ಸಾಕ್ಷಿ ಹೇಳುವವರು ಯಾರೂ ಇಲ್ಲದಂತಾಗುತ್ತದೆ.