ಕರಿಯುವುದಕ್ಕೆ ಯಾವ ಎಣ್ಣೆ?

ಹಲಸಿನಕಾಯಿ ಬಲಿತು ಮನೆಮನೆಯಲ್ಲೂ ಚಿಪ್ಸ್ ಬಾಣಲೆ ಒಲೆಗೇರುವ ದಿನಗಳಲ್ಲಿ ನಮ್ಮ ಸದಸ್ಯರ ಮನೆಯ ಹೆಂಗಸರು ಕೇಳುವ ಪ್ರಶ್ನೆ ಒಂದೇ. ಗಾಣದ ಕಡಲೆಕಾಯಿ ಎಣ್ಣೆ ಒಳ್ಳೆಯದೋ, ಅಂಗಡಿಯ ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯೋ, ಅಥವಾ ಈಚೆಗೆ ಎಲ್ಲೆಡೆ ಸಿಗುವ ಅಕ್ಕಿ ತವುಡಿನ ಎಣ್ಣೆಯೋ? ಎಷ್ಟು ಹೊತ್ತು ಕರಿಯುತ್ತೀರಿ ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಸಾಮಾನ್ಯವಾಗಿ ಕರಿಯುವ ಎಣ್ಣೆಯ ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ರಿಫೈನ್ಡ್ ಎಣ್ಣೆಗಳು 220 ಡಿಗ್ರಿ ದಾಟುವವರೆಗೂ ಹೊಗೆಯಾಡುವುದಿಲ್ಲ. ಆದುದರಿಂದ ಅವೇ ಕರಿಯಲು ಶ್ರೇಷ್ಠವೆಂದು ಹಲವರು ತಿಳಿದಿದ್ದಾರೆ. ಈ ಎಣಿಕೆ ಅರ್ಧ ಮಾತ್ರ ಸರಿ. ಹೊಗೆ ಬರುವುದು ಬೇರೆ, ಎಣ್ಣೆ ಕೆಡುವುದು ಬೇರೆ. ಹೊಗೆಯೇ ಕಾಣದೆ ಎಣ್ಣೆ ಕೆಟ್ಟಿರಬಹುದು.

ಸೂರ್ಯಕಾಂತಿ ಎಣ್ಣೆಯನ್ನೇ ನೋಡೋಣ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲ. ಇದು ದೇಹಕ್ಕೆ ಬೇಕಾದದ್ದೇ. ಆದರೆ ಕಾವು ಮತ್ತು ಗಾಳಿ ಒಟ್ಟಿಗೆ ತಾಗಿದರೆ ಬೇಗ ಒಡೆಯುವ ಗುಣ ಇದರದು. ಒಡೆದ ತುಣುಕುಗಳು ಒಂದಕ್ಕೊಂದು ಅಂಟಿಕೊಂಡು ಎಣ್ಣೆ ಮಂದವಾಗುತ್ತದೆ. ಬಾಣಲೆಯ ಅಂಚಿನಲ್ಲಿ ಹಳದಿ ಅಂಟಿನಂತೆ ಹಿಡಿದು, ಎಷ್ಟು ಉಜ್ಜಿದರೂ ಬಿಡದ ಜಿಡ್ಡನ್ನು ನೀವು ಕಂಡಿರಬಹುದು, ಅದು ಇದೇ. ಒಮ್ಮೆ ನಾಲ್ಕು ಪೂರಿ ಕರಿಯುವುದಕ್ಕೆ ಈ ಎಣ್ಣೆಯಿಂದ ತೊಂದರೆಯಿಲ್ಲ. ಮೂರು ಗಂಟೆ ಒಲೆಯ ಮೇಲಿಟ್ಟು ಚಿಪ್ಸ್ ಮಾಡುವುದಕ್ಕೆ ಇದು ತಕ್ಕದ್ದಲ್ಲ.

ಕಡಲೆಕಾಯಿ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಓಲಿಯಿಕ್ ಆಮ್ಲವಿದ್ದು, ಅದು ಕಾವಿಗೆ ಹೆಚ್ಚು ಗಟ್ಟಿ. ಗಾಣದ ಎಣ್ಣೆಯ ತೊಡಕು ಬೇರೆ ಕಡೆ ಇದೆ. ಅದರಲ್ಲಿ ಕಾಳಿನ ಗಸಿ ಉಳಿದಿರುತ್ತದೆ. ಗಸಿ ಬಾಣಲೆಯ ತಳದಲ್ಲಿ ಸೀದು ಎಣ್ಣೆಯನ್ನು ಕಪ್ಪಾಗಿಸಿ, 160 ಡಿಗ್ರಿಯ ಆಸುಪಾಸಿನಲ್ಲೇ ಹೊಗೆ ಎಬ್ಬಿಸುತ್ತದೆ, ನೊರೆಯನ್ನೂ ತರುತ್ತದೆ. ಗಾಣದಿಂದ ತಂದ ಎಣ್ಣೆಯನ್ನು ಕೆಲವು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡರೆ ಈ ಕಾಟ ಬಹಳ ಕಡಿಮೆಯಾಗುತ್ತದೆ.

ಇನ್ನೊಂದನ್ನೂ ಹೇಳದೆ ಇರಲಾರೆವು. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಿರಬಹುದು. ಕರಿಯುವ ಕಾವಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಬಯಲುಸೀಮೆಯಿಂದ ಬೀಜ ತರಿಸಿ ಆಡಿಸುವವರು ಸುಕ್ಕಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಆರಿಸಿ ತೆಗೆಯಲೇಬೇಕು. ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ನಿಲ್ಲುತ್ತದೆ. ಆ ಹಿಂಡಿಯನ್ನು ಹಸುವಿಗೆ ಹಾಕಿದರೆ ಹಾಲಿಗೂ ಬರುತ್ತದೆ.

ತವುಡಿನ ಎಣ್ಣೆಯನ್ನು ಮನೆಯ ಗಾಣದಲ್ಲಿ ತೆಗೆಯುವಂತಿಲ್ಲ. ಭತ್ತ ಮಿಲ್ಲಾದ ಕೂಡಲೆ ತವುಡಿನಲ್ಲಿರುವ ಕಿಣ್ವವು ಎಣ್ಣೆಯನ್ನು ಒಡೆಯತೊಡಗುತ್ತದೆ. ಹಳೆಯ ತವುಡು ಮುಗ್ಗಲು ನಾತ ಬರುವುದು ಅದರಿಂದಲೇ. ಆದುದರಿಂದ ಕಾರ್ಖಾನೆಯವರು ತವುಡನ್ನು ಬೇಗನೆ ಬಿಸಿ ಮಾಡಿ, ದ್ರಾವಕದಿಂದ ಎಣ್ಣೆ ತೆಗೆದು ರಿಫೈನ್ ಮಾಡುತ್ತಾರೆ. ಹೀಗೆ ಬಂದ ಎಣ್ಣೆಗೆ ವಾಸನೆಯಿಲ್ಲ, ರುಚಿಯೂ ಇಲ್ಲವೆಂದೇ ಹೇಳಬೇಕು. ಆದರೆ ಲಿನೋಲಿಯಿಕ್ ಆಮ್ಲ ಸೂರ್ಯಕಾಂತಿಗಿಂತ ಬಹಳ ಕಡಿಮೆ. ಜೊತೆಗೆ ಒರೈಜನಾಲ್ ಎಂಬ ಅಂಶ ಕೆಡುವುದನ್ನು ತಡೆಯುತ್ತದೆ. ದೀರ್ಘಕಾಲ ಕರಿಯಲು ಮೂರರಲ್ಲಿ ನಾವು ಆರಿಸುವುದು ಇದನ್ನೇ.

ದಿನದ ಬಳಕೆಗೆ ನಮ್ಮ ಕ್ರಮ ಹೀಗಿದೆ. ಐದು ಜನರ ಮನೆಯಲ್ಲಿ ಭಾನುವಾರ ಇಪ್ಪತ್ತೈದು ಪೂರಿಗೆ ಸಣ್ಣ ಬಾಣಲೆಯಲ್ಲಿ ಅರ್ಧ ಲೀಟರ್ ತಿಳಿಯಾದ ಗಾಣದ ಎಣ್ಣೆ ಇಡುತ್ತೇವೆ. ಹಿಟ್ಟಿನ ಚೂರು ಹಾಕಿದರೆ ತಳ ಮುಟ್ಟಿ ಕೂಡಲೆ ಗುಳ್ಳೆಯೊಂದಿಗೆ ಮೇಲೇಳಬೇಕು, ಹೊಗೆಗಾಗಿ ಕಾಯಬಾರದು. ಕರಿದ ಮೇಲೆ ಸುಮಾರು ಮುಕ್ಕಾಲು ಪಾಲು ಉಳಿಯುತ್ತದೆ. ಅದನ್ನು ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬುಧವಾರದೊಳಗೆ ಪಲ್ಯ, ಒಗ್ಗರಣೆಗೆ ಮುಗಿಸುತ್ತೇವೆ. ಉಳಿದದ್ದಕ್ಕೆ ಹೊಸ ಎಣ್ಣೆ ಸುರಿದು ಮತ್ತೆ ಕರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ, ಉಳಿತಾಯವೇನೂ ಆಗದು.

ಹಲಸಿನಕಾಯಿ ತೊಳೆ ಹಸಿಯಾಗಿರುವುದರಿಂದ ಎಣ್ಣೆಗೆ ನೀರು ಬಿಡುತ್ತದೆ. ಆ ನೀರು ಎಣ್ಣೆಯಿಂದ ಆಮ್ಲವನ್ನು ಬಿಡಿಸಿ ಹೊಗೆಯಾಡುವ ಕಾವನ್ನು ಇಳಿಸುತ್ತದೆ. ತೊಳೆಯನ್ನು ಬಟ್ಟೆಯ ಮೇಲೆ ಆರಹಾಕಿ ಕರಿಯಿರಿ, ಉಪ್ಪುನೀರನ್ನು ಕೊನೆಗೆ ಸ್ವಲ್ಪವೇ ಚಿಮುಕಿಸಿ. ಮೊದಲಿನಷ್ಟೇ ಉರಿಯಲ್ಲಿ ಎಣ್ಣೆ ಬೇಗ ಹೊಗೆಯಾಡತೊಡಗಿದರೆ, ಬಾಣಲೆ ತುಂಬ ಸಣ್ಣ ನೊರೆ ನಿಂತರೆ, ಸೌಟಿನಿಂದ ಪಾಕದಂತೆ ಇಳಿದರೆ ಅದರ ಆಯುಸ್ಸು ಮುಗಿಯಿತು. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇಕಡ 25 ಮೀರಬಾರದೆಂದು ಹೋಟೆಲುಗಳಿಗೆ 2018ರಿಂದ ಕಾನೂನೇ ಇದೆ. ಮನೆಯಲ್ಲಿ ಅಳೆಯುವ ಉಪಕರಣವಿಲ್ಲ, ಈ ಗುರುತುಗಳೇ ಸಾಕು.

ಹೀಗೆ ಮುಗಿದ ಎಣ್ಣೆಯನ್ನು ಬಚ್ಚಲಿಗೆ ಸುರಿದರೆ ಮೋರಿ ಕಟ್ಟುತ್ತದೆ. ಒಣಗಿದ ಅಡಿಕೆ ಸಿಪ್ಪೆಗೆ ಸವರಿಟ್ಟರೆ ಮಳೆಗಾಲದಲ್ಲಿ ನೀರೊಲೆ ಹೊತ್ತಿಸಲು ಒದಗುತ್ತದೆ.