ಕಳಸಕ್ಕೆ ಹತ್ತಿರದ ಶಾಖೆ ಯಾವುದು?

ಕಳಸದಲ್ಲಿ ನಿಂತು ಬ್ಯಾಂಕಿನ ಆ್ಯಪ್‌ ತೆರೆದು ‘ಹತ್ತಿರದ ಶಾಖೆ’ ಒತ್ತಿದಿರಿ ಎಂದುಕೊಳ್ಳಿ. ಬ್ಯಾಂಕಿಗೆ ಆ ಸುತ್ತಿನಲ್ಲಿರುವುದು ಎರಡೇ ಶಾಖೆ: ಬೆಳ್ತಂಗಡಿ ಮತ್ತು ಮೂಡಿಗೆರೆ. ಆ್ಯಪ್‌ಗೆ ಊರಿನ ಹೆಸರು ಗೊತ್ತಿಲ್ಲ, ಅಕ್ಷಾಂಶ ರೇಖಾಂಶ ಮಾತ್ರ ಗೊತ್ತು. ಸುಮಾರಾಗಿ ಕಳಸ 13.23, 75.36; ಬೆಳ್ತಂಗಡಿ 12.99, 75.27, ಮೂಡಿಗೆರೆ 13.14, 75.64.

ಈ ಅಂಕಿಗಳನ್ನು ನೇರವಾಗಿ ಕಳೆದು ದೂರ ಹೇಳಲಾಗದು. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಅಳೆದರೂ ಹೆಚ್ಚುಕಡಿಮೆ 111 ಕಿ.ಮೀ. ರೇಖಾಂಶಗಳು ಹಾಗಲ್ಲ, ಧ್ರುವದತ್ತ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಅದರ ಒಂದು ಡಿಗ್ರಿ ಕಳಸದಲ್ಲಿ 108 ಕಿ.ಮೀ. ಇದ್ದರೆ ಶ್ರೀನಗರದಲ್ಲಿ 92ಕ್ಕೆ ಇಳಿದಿರುತ್ತದೆ. ಹಿಂದೆ ಹಡಗಿನವರು ಕೋಷ್ಟಕ ಹಿಡಿದು ಬಳಸುತ್ತಿದ್ದ ಹ್ಯಾವರ್‌ಸೈನ್ ಸೂತ್ರ ಈ ಕುಗ್ಗುವಿಕೆಯನ್ನೂ ಭೂಮಿಯ ಬಾಗನ್ನೂ ಒಟ್ಟಿಗೆ ಲೆಕ್ಕಕ್ಕೆ ತಗೊಳ್ಳುತ್ತದೆ:

```
a = sin²(Δφ/2) + cos φ1 · cos φ2 · sin²(Δλ/2)
d = 2 · 6371 · asin(√a)
```

φ ಅಕ್ಷಾಂಶ, λ ರೇಖಾಂಶ, Δ ಎಂದರೆ ವ್ಯತ್ಯಾಸ. 6371 ಭೂಮಿಯ ಸರಾಸರಿ ತ್ರಿಜ್ಯ, ಕಿಲೋಮೀಟರುಗಳಲ್ಲಿ. ರೇಖಾಂಶವನ್ನು ಕುಗ್ಗಿಸುವ ಕೆಲಸ ನಡುವಿನ ಎರಡು cosಗಳದು. ಭೂಮಿ ಪೂರ್ತಿ ಗೋಳವಲ್ಲವಾದ್ದರಿಂದ ಉತ್ತರದಲ್ಲಿ ಶೇ 0.5ರಷ್ಟು ತಪ್ಪಿರಬಹುದು, ಶಾಖೆ ಹುಡುಕುವವರಿಗೆ ಅದು ಲೆಕ್ಕಕ್ಕಿಲ್ಲ.

ಕಳಸ–ಬೆಳ್ತಂಗಡಿಗೆ Δφ 0.24, Δλ 0.09. ಲೆಕ್ಕ ಹಾಕಿದರೆ a ಸುಮಾರು 0.00000497, ದೂರ 28.4 ಕಿ.ಮೀ. ಮೂಡಿಗೆರೆಗೆ ಇದೇ ರೀತಿ 31.9 ಬರುತ್ತದೆ.

ಪ್ರೋಗ್ರಾಮಿನ sin, cosಗಳಿಗೆ ಡಿಗ್ರಿ ತಿಳಿಯದು. ಮೊದಲು ರೇಡಿಯನ್‌ಗೆ ಬದಲಿಸಬೇಕು. ಮರೆತರೆ ಬೆಳ್ತಂಗಡಿ 1,600 ಕಿ.ಮೀ. ದೂರ ಹಾರಿಹೋಗುತ್ತದೆ, ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಹೆಚ್ಚು ಕಾಡುವುದು ಅಕ್ಷಾಂಶ ರೇಖಾಂಶ ಅದಲು ಬದಲಾದಾಗ. ಆಗ ಬರುವ ಉತ್ತರ 12 ಕಿ.ಮೀ. ನೋಡಿದವರು ಯಾರೂ ಅನುಮಾನಪಡುವುದಿಲ್ಲ. ದೂರ ಗೊತ್ತಿರುವ ಎರಡು ಊರುಗಳನ್ನು ಕೊಟ್ಟು ಪರೀಕ್ಷಿಸಿದರೆ ಮಾತ್ರ ಬಯಲಾಗುತ್ತದೆ.

ಸರಿ, ಲೆಕ್ಕದ ಪ್ರಕಾರ ಬೆಳ್ತಂಗಡಿಯೇ ಹತ್ತಿರ. ಆದರೆ ಕಳಸದವರು ಯಾರಾದರೂ ಈ ಮಾತು ಕೇಳಿದರೆ ನಕ್ಕಾರು! ಸೂತ್ರ ಹೇಳುವುದು ಹಕ್ಕಿ ಹಾರುವ ದೂರ; ನಡುವೆ ಪಶ್ಚಿಮಘಟ್ಟ ನಿಂತಿದೆ. ಕೊಟ್ಟಿಗೆಹಾರದವರೆಗೆ ಬಂದು ಚಾರ್ಮಾಡಿ ಇಳಿಯಬೇಕು, ಇಲ್ಲವೇ ಕುದುರೆಮುಖದ ಕಡೆಯಿಂದ ಸುತ್ತಬೇಕು. ಕೊಟ್ಟಿಗೆಹಾರಕ್ಕೆ ಬಂದವರಿಗೆ ಮೂಡಿಗೆರೆ ಅಲ್ಲೇ ಪಕ್ಕ. ಬೆಳ್ತಂಗಡಿಗೆ ಇನ್ನೂ ಘಟ್ಟವಿಡೀ ಇಳಿಯುವುದು ಬಾಕಿ.

ಹಾಗೆಂದು ಸೂತ್ರ ಬಿಡಬೇಕಿಲ್ಲ. ಸಾವಿರಾರು ಶಾಖೆಗಳಿಗೆ ರಸ್ತೆಯ ದೂರ ಕೇಳುತ್ತ ಕೂತರೆ ತಡವೂ ಆಗುತ್ತದೆ, ಖರ್ಚೂ ಬರುತ್ತದೆ. ಹ್ಯಾವರ್‌ಸೈನ್‌ನಿಂದ ಹತ್ತಿರದ ಐದಾರನ್ನು ಆರಿಸಿ, ಅವಕ್ಕೆ ಮಾತ್ರ ನಕ್ಷೆಯ ಸೇವೆಯಿಂದ ರಸ್ತೆ ದೂರ ತರಿಸಿ ಮತ್ತೆ ಜೋಡಿಸಬೇಕು. ಮಲೆನಾಡಿನಲ್ಲಿ ಐದಾರು ಸಾಲದೆ ಹತ್ತನ್ನು ಆರಿಸುವುದು ಒಳ್ಳೆಯದು: ರಸ್ತೆಯಲ್ಲಿ ಹತ್ತಿರವಿರುವ ಶಾಖೆ ಹಕ್ಕಿಯ ಪಟ್ಟಿಯಲ್ಲಿ ಏಳನೆಯದಾಗಿರಬಹುದು.