ಡಯೋಡ್‌ನ ಗೆರೆ ಬಾಗುವುದು ಎಲ್ಲಿ?

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಆ ಗ್ರಾಫ್ ನೆನಪಿರುತ್ತದೆ. ಪ್ರಯೋಗಾಲಯದ ಮೇಜಿನ ಮೇಲೆ ಒಂದು ಡಯೋಡ್, ಪಕ್ಕದಲ್ಲಿ ವೋಲ್ಟ್‌ಮೀಟರ್ ಮತ್ತು ಮಿಲಿಅಮ್ಮೀಟರ್. ಗುಂಡಿ ತಿರುಗಿಸುತ್ತ ವೋಲ್ಟೇಜನ್ನು 0.1, 0.2, 0.3 ಎಂದು ಏರಿಸಿದರೂ ಅಮ್ಮೀಟರಿನ ಮುಳ್ಳು ಮಿಸುಕುವುದಿಲ್ಲ. 0.6 ದಾಟಿದ್ದೇ ತಡ, ಏಣಿ ಹತ್ತಿದಂತೆ ಮೇಲೇರುತ್ತದೆ. ಗೆರೆ ಬಾಗಿದ ಜಾಗಕ್ಕೆ ಒಂದು ಚುಕ್ಕಿ ಇಟ್ಟು, ‘ನೀ ವೋಲ್ಟೇಜ್ 0.7’ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಪ್ರಯೋಗ ಮುಗಿಯಿತು. 0.7 ವೋಲ್ಟ್ ಬರುವವರೆಗೆ ಬಾಗಿಲು ಮುಚ್ಚಿರುತ್ತದೆ, ಆಮೇಲೆ ತೆರೆಯುತ್ತದೆ ಎಂಬ ಚಿತ್ರ ತಲೆಯಲ್ಲಿ ಉಳಿದುಬಿಡುತ್ತದೆ.

ಆದರೆ ಅಂಥ ಬಾಗಿಲು ಡಯೋಡ್‌ನೊಳಗೆ ಎಲ್ಲೂ ಇಲ್ಲ. ಇರುವುದು ಒಂದು ದಿಬ್ಬ.

ದಿಬ್ಬ ಎದ್ದದ್ದು ಹೀಗೆ. ಒಂದೇ ಸಿಲಿಕಾನ್ ಹರಳಿನ ಒಂದು ಬದಿಗೆ ಚೂರೇ ಚೂರು ಬೋರಾನ್, ಇನ್ನೊಂದು ಬದಿಗೆ ಚೂರು ರಂಜಕ ಬೆರೆಸಿರುತ್ತಾರೆ. ರಂಜಕದ ಬದಿಯಲ್ಲಿ ಓಡಾಡಲು ಬಿಡುವಾಗಿರುವ ಎಲೆಕ್ಟ್ರಾನ್‌ಗಳಿವೆ. ಅದು ಎನ್ ಭಾಗ. ಬೋರಾನ್ ಬದಿಯಲ್ಲಿ ಎಲೆಕ್ಟ್ರಾನ್ ಇರಬೇಕಾದ ಕಡೆ ಖಾಲಿ ಜಾಗಗಳಿವೆ. ಅವುಗಳಿಗೆ ರಂಧ್ರಗಳು ಎಂದು ಹೆಸರು, ಆ ಬದಿ ಪಿ ಭಾಗ. ಎರಡೂ ಕೂಡುವ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಅತ್ತ ಹರಡಿ ರಂಧ್ರಗಳನ್ನು ತುಂಬುತ್ತವೆ. ಅವು ಬಿಟ್ಟುಬಂದ ರಂಜಕದ ಪರಮಾಣುಗಳಿಗೆ ಧನ ವಿದ್ಯುದಂಶ ಉಳಿಯುತ್ತದೆ, ಆಚೆಯ ಬೋರಾನ್ ಪರಮಾಣುಗಳಿಗೆ ಋಣ ವಿದ್ಯುದಂಶ ಬರುತ್ತದೆ. ಈ ಪರಮಾಣುಗಳು ಹರಳಿನಲ್ಲಿ ನೆಟ್ಟ ಕಂಬಗಳಂತೆ, ಅಲುಗಾಡುವಂತಿಲ್ಲ. ಅವುಗಳ ಸೆಳೆತ ಹೆಚ್ಚಿದಂತೆ ಎಲೆಕ್ಟ್ರಾನ್‌ಗಳಿಗೆ ಗಡಿ ದಾಟುವುದು ಕಷ್ಟವಾಗುತ್ತ ಹೋಗುತ್ತದೆ. ಕೊನೆಗೆ ಅತ್ತ ಹೋಗುವವು ಎಷ್ಟೋ ಇತ್ತ ಬರುವವೂ ಅಷ್ಟೇ ಎಂಬಲ್ಲಿಗೆ ಲೆಕ್ಕ ನಿಲ್ಲುತ್ತದೆ.

ಹೀಗೆ ಓಡಾಡುವ ವಿದ್ಯುದಂಶಗಳೆಲ್ಲ ಖಾಲಿಯಾಗಿ, ಕಂಬಗಳಷ್ಟೇ ಉಳಿದ ಪಟ್ಟಿಗೆ ಡಿಪ್ಲಿಷನ್ ವಲಯ, ಅಂದರೆ ಬರಿದಾದ ವಲಯ ಎನ್ನುತ್ತಾರೆ. ಅದರ ಅಗಲ ಎಷ್ಟು ಬೆರಕೆ ಹಾಕಿದೆ ಎಂಬುದನ್ನು ಅವಲಂಬಿಸುತ್ತದೆ. ಸಾಮಾನ್ಯವಾಗಿ ಒಂದು ಮೈಕ್ರೋಮೀಟರಿನ ಆಸುಪಾಸು, ತಲೆಕೂದಲಿನ ದಪ್ಪದ ಹತ್ತಾರು ಪಾಲಿನಲ್ಲಿ ಒಂದು ಪಾಲು. ಅಷ್ಟು ಕಿರಿದಾದ ಜಾಗದಲ್ಲಿ ಸುಮಾರು 0.7 ವೋಲ್ಟ್‌ನ ಏರು ನಿಂತಿದೆ. ಹಾಗಿದ್ದರೆ ಡಯೋಡ್‌ನ ಎರಡು ಕಾಲಿಗೆ ಮೀಟರ್ ಹಚ್ಚಿದರೆ 0.7 ತೋರಿಸಬೇಕಲ್ಲ? ತೋರಿಸುವುದಿಲ್ಲ. ಲೋಹದ ತಂತಿ ಸಿಲಿಕಾನನ್ನು ಮುಟ್ಟುವ ಎರಡು ತುದಿಗಳಲ್ಲೂ ಇಂಥದ್ದೇ ಏರಿಳಿತಗಳಿದ್ದು, ಒಟ್ಟು ಸೊನ್ನೆಯಾಗುತ್ತದೆ. ಆದರೆ ಗಡಿಯ ಮೇಲೆ ಬೆಳಕು ಬಿದ್ದರೆ ಗುಟ್ಟು ರಟ್ಟಾಗುತ್ತದೆ. 1940ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಸಲ್ ಓಲ್ ಬಿರುಕು ಬಿಟ್ಟ ಒಂದು ಸಿಲಿಕಾನ್ ತುಂಡಿಗೆ ಬೆಳಕು ಬಿಟ್ಟಾಗ ಸುಮಾರು ಅರ್ಧ ವೋಲ್ಟ್ ಬಂದು ಎಲ್ಲರನ್ನೂ ಬೆರಗುಗೊಳಿಸಿತು. ಆ ತುಂಡಿನೊಳಗೆ ತಾನಾಗಿಯೇ ಒಂದು ಪಿಎನ್ ಗಡಿ ಮೂಡಿತ್ತು.

ಈಗ ಬ್ಯಾಟರಿಯ ಪ್ಲಸ್ಸನ್ನು ಪಿ ಬದಿಗೆ, ಮೈನಸ್ಸನ್ನು ಎನ್ ಬದಿಗೆ ಕೊಟ್ಟರೆ ದಿಬ್ಬ ತಗ್ಗುತ್ತದೆ, ಬರಿದಾದ ವಲಯ ಕಿರಿದಾಗುತ್ತದೆ. ಎಷ್ಟು ತಗ್ಗಿದರೆ ಎಷ್ಟು ಕರೆಂಟ್ ಎಂಬುದೇ ಇಲ್ಲಿಯ ಸ್ವಾರಸ್ಯ. ಒಗ್ಗರಣೆಗೆ ಹಾಕಿದ ಸಾಸಿವೆಯನ್ನು ನೆನೆಯಿರಿ. ಬಹುಪಾಲು ಕಾಳು ಬಾಣಲೆಯ ತಳದಲ್ಲೇ ಚಟಪಟಗುಟ್ಟುತ್ತವೆ, ಕೆಲವು ಅರ್ಧ ಎತ್ತರಕ್ಕೆ ಹಾರುತ್ತವೆ, ಅಂಚು ದಾಟಿ ಒಲೆಯ ಮೇಲೆ ಬೀಳುವುದು ಎಲ್ಲೋ ಒಂದೆರಡು. ಅಂಚು ತಗ್ಗಾದಷ್ಟೂ ದಾಟುವ ಕಾಳು ಹೆಚ್ಚು. ಎಲೆಕ್ಟ್ರಾನ್‌ಗಳನ್ನು ಕುಣಿಸುವುದು ಕೋಣೆಯ ಬಿಸಿಯೇ. ಅವುಗಳ ವಿಷಯದಲ್ಲಿ ಲೆಕ್ಕ ಇನ್ನೂ ಕಟ್ಟುನಿಟ್ಟು: ದಿಬ್ಬ ಪ್ರತಿ 0.06 ವೋಲ್ಟ್ ತಗ್ಗಿದಾಗಲೂ ದಾಟುವವುಗಳ ಸಂಖ್ಯೆ ಹತ್ತುಪಟ್ಟಾಗುತ್ತದೆ. ಈ ಲೆಕ್ಕವನ್ನು 1949ರಲ್ಲಿ ಸೂತ್ರವಾಗಿ ಬರೆದವರು ವಿಲಿಯಂ ಶಾಕ್ಲಿ.

ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುವ 1N4007 ಡಯೋಡ್, ಒಂಬತ್ತು ವೋಲ್ಟ್ ಬ್ಯಾಟರಿ, ಮೂರು ರೆಸಿಸ್ಟರ್, ಒಂದು ಮಲ್ಟಿಮೀಟರ್ ಇದ್ದರೆ ಇದನ್ನು ಮನೆಯಲ್ಲೇ ನೋಡಬಹುದು. 100 ಕಿಲೋಓಮ್ ರೆಸಿಸ್ಟರನ್ನು ಡಯೋಡ್‌ಗೆ ಸರಣಿಯಲ್ಲಿ ಹಾಕಿದರೆ ಹರಿಯುವ ಕರೆಂಟ್ ಸುಮಾರು 0.085 ಮಿಲಿಆಂಪ್, ಡಯೋಡ್‌ನ ಎರಡು ಕಾಲುಗಳ ನಡುವೆ 0.45 ವೋಲ್ಟ್ ಆಸುಪಾಸು ಕಾಣುತ್ತದೆ. 10 ಕಿಲೋಓಮ್ ಹಾಕಿದರೆ ಕರೆಂಟ್ ಹತ್ತುಪಟ್ಟು, ವೋಲ್ಟೇಜ್ ಮಾತ್ರ 0.55ರ ಹತ್ತಿರ. ಒಂದು ಕಿಲೋಓಮ್‌ಗೆ ಇಳಿಸಿದರೆ ಕರೆಂಟ್ ಮತ್ತೆ ಹತ್ತುಪಟ್ಟು, ವೋಲ್ಟೇಜ್ 0.65ರ ಆಜುಬಾಜು. ಹೆಜ್ಜೆ 0.06ರ ಬದಲು 0.1 ಆಗಿರುವುದಕ್ಕೂ ಕಾರಣವಿದೆ: ಬರಿದಾದ ವಲಯವನ್ನು ಪೂರ್ತಿ ದಾಟದೆ ನಡುವೆಯೇ ರಂಧ್ರ ಸಿಕ್ಕಿ ಕೂಡಿಕೊಳ್ಳುವ ಎಲೆಕ್ಟ್ರಾನ್‌ಗಳೂ ಇರುತ್ತವೆ, ಶಾಕ್ಲಿಯ ಮೂಲ ಲೆಕ್ಕ ಅವುಗಳನ್ನು ಹಿಡಿದಿರಲಿಲ್ಲ.

ಪಿಯುಸಿ ಗ್ರಾಫ್‌ನ ಬಾಗು ಬಂದದ್ದು ಎಲ್ಲಿಂದ ಎಂಬುದು ಈಗ ಗೊತ್ತಾಗುತ್ತದೆ. 0.45 ವೋಲ್ಟ್‌ನಲ್ಲೂ ಕರೆಂಟ್ ಹರಿಯುತ್ತಲೇ ಇತ್ತು, ಮಿಲಿಅಮ್ಮೀಟರಿಗೆ ಅದು ಕಾಣಲಿಲ್ಲ ಅಷ್ಟೆ. ಅದೇ ಡಯೋಡ್‌ಗೆ ಮೈಕ್ರೋಅಮ್ಮೀಟರ್ ಜೋಡಿಸಿ ಗ್ರಾಫ್ ಬರೆದರೆ ಗೆರೆ 0.3ರ ಸುಮಾರಿಗೇ ಬಾಗುತ್ತದೆ. ಆಂಪಿಯರ್ ಅಳತೆಯಲ್ಲಿ ಬರೆದರೆ ಬಾಗು 0.8ರ ಕಡೆ ಜರುಗುತ್ತದೆ. ಕರೆಂಟಿನ ಅಕ್ಷವನ್ನು 1, 10, 100 ಎಂದು ಹತ್ತರ ಮಡಿಯಲ್ಲಿ ಗುರುತು ಹಾಕಿದರಂತೂ ಬಾಗೇ ಇಲ್ಲ, ಹೆಚ್ಚುಕಡಿಮೆ ನೇರ ಗೆರೆ! ಆದರೂ ರಿಪೇರಿಯವರ 0.7ರ ಲೆಕ್ಕ ಸುಳ್ಳೇನಲ್ಲ. ಕರೆಂಟ್ ಹತ್ತುಪಟ್ಟು ಹೆಚ್ಚುಕಡಿಮೆಯಾದರೂ ವೋಲ್ಟೇಜ್ ಅಲುಗುವುದು 0.1 ಮಾತ್ರ ಆದ್ದರಿಂದ, ಮಿಲಿಆಂಪ್‌ಗಳ ಲೋಕದಲ್ಲಿ ಆ ಅಂಕಿ ಚೆನ್ನಾಗಿಯೇ ನಡೆಯುತ್ತದೆ.

ಬ್ಯಾಟರಿಯನ್ನು ತಿರುಗಿಸಿ ಹಾಕಿದರೆ ದಿಬ್ಬ ಇನ್ನೂ ಎತ್ತರವಾಗುತ್ತದೆ, ಬರಿದಾದ ವಲಯ ಅಗಲವಾಗುತ್ತದೆ. ಹತ್ತಿ ದಾಟುವವರು ಯಾರೂ ಇಲ್ಲ. ಆದರೆ ಪಿ ಬದಿಯಲ್ಲಿ ಬಿಸಿಯಿಂದ ಹುಟ್ಟುವ ಬೆರಳೆಣಿಕೆಯ ಎಲೆಕ್ಟ್ರಾನ್‌ಗಳಿಗೆ ಇದೇ ದಿಬ್ಬ ಇಳಿಜಾರು. ಅವು ಗಡಿಗೆ ಬಂದೊಡನೆ ಜಾರಿ ಬೀಳುತ್ತವೆ. ಜೋಗದಲ್ಲಿ ಧುಮುಕುವ ನೀರು ಎಷ್ಟು ಎಂಬುದನ್ನು ತೀರ್ಮಾನಿಸುವುದು ಶರಾವತಿಯೇ ಹೊರತು ಕಣಿವೆಯ ಆಳವಲ್ಲ. ಹಾಗೆಯೇ ಇಲ್ಲಿ ವೋಲ್ಟೇಜ್ ಏರಿಸಿದರೂ ಸೋರುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 1N4007ಕ್ಕೆ ಸಾವಿರ ವೋಲ್ಟ್ ಹಿಮ್ಮುಖವಾಗಿ ಕೊಟ್ಟರೂ 25 ಡಿಗ್ರಿಯಲ್ಲಿ 5 ಮೈಕ್ರೋಆಂಪ್ ಮೀರದು ಎಂಬುದು ತಯಾರಕರ ಭರವಸೆ. ಅದರಾಚೆ ಭರವಸೆ ಇಲ್ಲ. ಜಾರುವ ಎಲೆಕ್ಟ್ರಾನ್‌ಗಳು ವೇಗದಲ್ಲಿ ಪರಮಾಣುಗಳಿಗೆ ಡಿಕ್ಕಿ ಹೊಡೆದು ಹೊಸ ಎಲೆಕ್ಟ್ರಾನ್‌ಗಳನ್ನು ಕೆಡವಲು ತೊಡಗಿದರೆ, ಅವು ಮತ್ತಷ್ಟನ್ನು ಕೆಡವಿ ಗೆರೆ ಪಾತಾಳಕ್ಕೆ ಬೀಳುತ್ತದೆ. ಕರೆಂಟಿಗೆ ತಡೆ ಇಲ್ಲದಿದ್ದರೆ ಡಯೋಡ್ ಸುಟ್ಟೇ ಹೋಗುತ್ತದೆ.

ಹಾಗೆ ಸುಟ್ಟದ್ದನ್ನು ಗುರುತಿಸುವುದು ಸುಲಭ. ಬೋರ್ಡಿನಿಂದ ಒಂದು ಕಾಲು ಬಿಡಿಸಿ, ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಎರಡೂ ದಿಕ್ಕಿನಲ್ಲಿ ನೋಡಬೇಕು. ಸರಿಯಿದ್ದರೆ ಒಂದು ಕಡೆ 0.5, 0.6ರ ಆಸುಪಾಸಿನ ಅಂಕಿ, ಇನ್ನೊಂದು ಕಡೆ OL. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಎರಡೂ ಕಡೆ OL ಬಂದರೆ ಓಪನ್. ಕಾಲು ಬಿಡಿಸದೆ ಅಳೆದರೆ ಬೋರ್ಡಿನ ಬೇರೆ ದಾರಿಗಳಲ್ಲೂ ಕರೆಂಟ್ ಹರಿದು ಒಳ್ಳೆಯ ಡಯೋಡ್ ಕೆಟ್ಟದ್ದರಂತೆ ಕಾಣಬಹುದು.

ಮೀಟರ್ ಹೇಗೂ ಹಚ್ಚಿದ್ದಾಗಿದೆ, ಡಯೋಡ್‌ನ ಕಪ್ಪು ಮೈಯನ್ನು ಎರಡು ಬೆರಳಿನಿಂದ ಹಿಡಿದು ನೋಡಿ. ಡಿಗ್ರಿಗೆ ಸುಮಾರು ಎರಡು ಮಿಲಿವೋಲ್ಟ್‌ನಂತೆ ಅಂಕಿ ಇಳಿಯುತ್ತದೆ: 0.562, 0.560, 0.557. ಬೆರಳಿನ ಬಿಸಿಗೆ ಸಾಸಿವೆ ಇನ್ನಷ್ಟು ಜೋರಾಗಿ ಸಿಡಿಯುತ್ತಿದೆ. ಅಷ್ಟೇ ಕರೆಂಟ್ ಹರಿಯಲು ಈಗ ದಿಬ್ಬ ಅಷ್ಟೊಂದು ತಗ್ಗಬೇಕಿಲ್ಲ. ಬೆರಳು ತೆಗೆದರೆ ಅಂಕಿ ನಿಧಾನವಾಗಿ ಮೊದಲಿನ ಜಾಗಕ್ಕೆ ಹತ್ತುತ್ತದೆ.